ಕಾರಣದ ಖಾನೆ

ಇವತ್ತಿಗೂ ಯಾರಾದರೂ "ಕಾರಣ ಏನ್ರಿ?" ಅಂತ ಕೇಳಿದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಗಾಬರಿ. ಹಾಲು ಯಾಕೆ ಒಡೆಯಿತು ಅಂತ ಮನೆಯಲ್ಲಿ ಕೇಳಿದರೂ ಅಷ್ಟೇ. ಮೊದಲು ನಾನು ಹಿಂಗಿರಲಿಲ್ಲ. ಪಟಪಟ ಕಾರಣ ಹೇಳುವ ಹೆಂಗಸಾಗಿದ್ದೆ. ಹಂಗಿದ್ದವಳನ್ನು ಕೆಡಿಸಿದ್ದು ನಮ್ಮ ಆಫೀಸಿನ ಐದು ಖಾನೆಗಳು.

ನಾವು ಬಾಗಲಕೋಟೆ ಕಡೆಯವರು. ಗಂಡ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಟೆಕ್ನೀಶಿಯನ್ ಅಂತ ಸೇರಿದ ಮೇಲೆ ನಾಸಿಕವೇ ನಮ್ಮೂರಾಯಿತು. ಮಗಳಿಗೆ ಕನ್ನಡದಲ್ಲಿ ಬೈದರೆ ಮರಾಠಿಯಲ್ಲಿ ತಿರುಗಿ ಮಾತಾಡುತ್ತಾಳೆ. ನಾನು ಕೆಲಸ ಮಾಡುವ ಕಂಪನಿ ದೊಡ್ಡದೇನಲ್ಲ. ಗಾಡಿಯ ಎಂಜಿನ್ ಅದುರಬಾರದು ಅಂತ ಅದರ ಕೆಳಗೆ ಕೂಡಿಸುವ ಸಾಮಾನು, ಅಂದರೆ ಕಬ್ಬಿಣಕ್ಕೆ ರಬ್ಬರ್ ಅಂಟಿಸಿದ ಗಟ್ಟಿ ಗಾಲಿಯಂಥದ್ದು, ಅದನ್ನು ಮಾಡುತ್ತಾರೆ. ಒಂದು ಪ್ಲಾಂಟ್ ನಾಸಿಕದಲ್ಲಿ, ಇನ್ನೊಂದು ಸಂಭಾಜಿನಗರದ, ಅಂದರೆ ಮೊದಲಿನ ಔರಂಗಾಬಾದಿನ, ಆಚೆ ಶೇಂದ್ರಾದಲ್ಲಿ. ವರ್ಷಗಟ್ಟಲೆ ಅಕೌಂಟ್ಸ್‌ನಲ್ಲಿ ಸುಖವಾಗಿ ಕೂತವಳನ್ನು ಎಬ್ಬಿಸಿ ಇಂಟರ್ನಲ್ ಆಡಿಟ್‌ಗೆ ಹಾಕಿದರು. ಹೊರಗಿನ ಆಡಿಟರ್ ವರ್ಷಕ್ಕೊಮ್ಮೆ ಬಂದು ಲೆಕ್ಕ ನೋಡಿ ಹೋಗುತ್ತಾನೆ. ನಾವು ಮನೆಯವರೇ, ಮನೆಯ ಕೆಲಸ ಸರಿ ನಡೆದಿದೆಯೋ ಇಲ್ಲವೋ ಅಂತ ವರ್ಷವಿಡೀ ನೋಡಬೇಕು. ಅತ್ತೆಯ ಕೆಲಸ ಅನ್ನಿ.

ನಮ್ಮ ಇಲಾಖೆಯ ಸಾಹೇಬರು ಉಡುಪಿ ಕಡೆಯವರು. ಅವರ ಅಪ್ಪ ನಾಸಿಕ ರೋಡ್‌ನಲ್ಲಿ ಹೋಟೆಲು ಇಟ್ಟಿದ್ದರಂತೆ. ಮಗ ಗಲ್ಲಾಪೆಟ್ಟಿಗೆ ಮುಂದೆ ಕೂರಲಾರೆ ಅಂತ ಸಿಎ ಓದಿದರು. ನನ್ನ ಮಾತು ಅವರಿಗೆ ಅರ್ಧ ತಿಳಿಯುವುದಿಲ್ಲ, ಅವರದು ನನಗೆ ಅರ್ಧ ತಿಳಿಯುವುದಿಲ್ಲ. ಆದರೂ ಇಬ್ಬರೂ ಹಟಕ್ಕೆ ಕನ್ನಡವೇ ಆಡುತ್ತಿದ್ದೆವು.

ಮೊದಲನೇ ದಿನವೇ ಅವರು ಬಿಳಿ ಹಲಗೆಯ ಮೇಲೆ ಐದು ಖಾನೆ ಎಳೆದರು. "ನೋಡಿ ಇವ್ರೆ, ನಾವು ಕಂಡದ್ದು ಏನೇ ಇರ್ಲಿ, ಈ ಐದರಲ್ಲಿ ಕೂತರೆ ಮಾತ್ರ ಅದು ಫೈಂಡಿಂಗ್. ಇಲ್ಲದಿದ್ರೆ ಬರೀ ಚಾಡಿ."

ಮೊದಲನೆಯದು ಕಂಡೀಶನ್, ಅಂದರೆ ಸ್ಥಿತಿ: ಅಲ್ಲಿ ಕಣ್ಣಿಗೆ ಏನು ಕಂಡಿತು. ಎರಡನೆಯದು ಕ್ರೈಟೀರಿಯಾ, ಮಾನದಂಡ: ಹೇಗಿರಬೇಕಾಗಿತ್ತು, ಹಾಗೆ ಅಂತ ಯಾವ ನಿಯಮ ಹೇಳುತ್ತದೆ. ಮೂರನೆಯದು ಕಾಸ್, ಕಾರಣ: ಇರಬೇಕಾದದ್ದಕ್ಕೂ ಇರುವುದಕ್ಕೂ ನಡುವೆ ಅಂತರ ಯಾಕೆ ಬಂತು. ನಾಲ್ಕನೆಯದು ಎಫೆಕ್ಟ್, ಪರಿಣಾಮ: ಅದರಿಂದ ಏನು ಕೆಟ್ಟಿತು, ಅಥವಾ ಏನು ಕೆಡಬಹುದು. ಐದನೆಯದು ಶಿಫಾರಸು: ಇನ್ನು ಏನು ಮಾಡಬೇಕು.

ಅಯ್ಯ, ಇಷ್ಟೇನಾ, ಅನಿಸಿತು. ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೆಮ್ಮೆಯಿಂದ ಹೇಳಿದೆ. ಅವತ್ತೇ ಸಾರಿಗೆ ಉಪ್ಪು ಹಾಕುವುದು ಮರೆತಿದ್ದೆ, ನನ್ನ ಪುಣ್ಯ. ಆ ಮನುಷ್ಯ ಚಮಚ ಎತ್ತಿ ಹಿಡಿದು ಶುರು ಮಾಡಿದ. "ಸಾರಿನ್ಯಾಗ ಉಪ್ಪಿಲ್ಲ, ಇದು ಸ್ಥಿತಿ. ಸಾರಿಗೆ ಉಪ್ಪಿರಬೇಕು, ಇದು ಮಾನದಂಡ. ಬಾಯಿಗೆ ರುಚಿ ಹತ್ತವಲ್ದು, ಇದು ಪರಿಣಾಮ. ಉಪ್ಪು ಹಾಕು, ಇದು ಶಿಫಾರಸು."

"ಕಾರಣ?" ಅಂದೆ.

"ಕಾರಣ ಮುಂದ ಕುಂತೈತಲ್ಲ!"

ಮಗಳು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಕಾರಣ ಅಂದರೆ ಯಾರೋ ಒಬ್ಬರು, ಅನ್ನುವ ತಿಳಿವಳಿಕೆ ಅವತ್ತೇ ತಲೆಯಲ್ಲಿ ಗಟ್ಟಿಯಾಗಿ ಕೂತಿತೋ ಏನೋ.

ನನ್ನ ಮೊದಲ ಸ್ವತಂತ್ರ ಆಡಿಟ್ ಅಂದರೆ ಶೇಂದ್ರಾ ಪ್ಲಾಂಟಿನ ಸ್ಟೋರ್. ಬೆಳಿಗ್ಗೆ ನಾಸಿಕ ಬಿಟ್ಟು, ಯೇವಲೆಯಲ್ಲಿ ಚಹಾ ಕುಡಿದು, ವೈಜಾಪುರದ ಹಾದಿಯಲ್ಲಿ ಸೊಂಟ ಹಣ್ಣಾಗಿ, ಅಂತೂ ಮುಟ್ಟಿದೆ. ಸ್ಟೋರಿನ ಉಸ್ತುವಾರಿ ಒಬ್ಬ ಹೆಣ್ಣುಮಗಳದು. ನನಗಿಂತ ಸಣ್ಣವಳು. ಮರಾಠಿಯಲ್ಲಿ ಮಾತಾಡುತ್ತಿದ್ದವಳು ನಾನು ಫೋನಿನಲ್ಲಿ ಗಂಡನ ಜೊತೆ ಜಗಳ ಆಡಿದ್ದು ಕೇಳಿ ಕಣ್ಣರಳಿಸಿದಳು. "ಅಯ್ಯ, ನಮ್ಮವ್ರೇ ಅದೀರಲ್ರೀ! ನಮ್ದು ಬೀದರ್ ಕಡಿ."

ಆಮೇಲೆ ಕೇಳಬೇಕೇ. ಊಟದ ಡಬ್ಬಿ ಬಿಚ್ಚಿ ಜೋಳದ ರೊಟ್ಟಿ ಮುಂದಿಟ್ಟಳು. ಆಡಿಟ್‌ಗೆ ಹೋದಲ್ಲಿ ಏನೂ ತಿನ್ನಬಾರದು ಅಂತ ಸಾಹೇಬರು ಹೇಳಿದ್ದರು. ರೊಟ್ಟಿಯ ವಿಷಯ ಬಿಡಿಸಿ ಹೇಳಿರಲಿಲ್ಲ. ಅರ್ಧ ತಿಂದೆ. ತನ್ನ ಗಂಡ ವೇರೂಳಿನ, ಅಂದರೆ ಎಲ್ಲೋರಾದ, ಗುಹೆ ನೋಡಲು ಬರುವವರಿಗೆ ಗಾಡಿ ಓಡಿಸುತ್ತಾನೆ, ಬೇಸಿಗೆಯಲ್ಲಿ ಬಿಸಿಲಿಗೆ ಹೆದರಿ ಯಾರೂ ಬರುವುದಿಲ್ಲ, ಆಗ ಮನೆ ನಡೆಯುವುದು ತನ್ನ ಪಗಾರದ ಮೇಲೆ, ಅಂತೆಲ್ಲ ಹೇಳಿದಳು. ಇಷ್ಟು ವರ್ಷ ಕಾಂಟ್ರ್ಯಾಕ್ಟ್ ಮೇಲೆಯೇ ದುಡಿದಿದ್ದಾಳೆ. ಈ ತಿಂಗಳ ಕೊನೆಗೆ ಪರ್ಮನೆಂಟ್ ಮಾಡುವವರ ಪಟ್ಟಿಯಲ್ಲಿ ಅವಳ ಹೆಸರಿತ್ತು. "ಪರ್ಮನೆಂಟ್ ಆದ್ರ ಒಂದ್ ಚಿಂತಿ ಹೋತು ನೋಡ್ರಿ. ವರ್ಷಾ ವರ್ಷಾ ಮಂದಿ ಮಾರಿ ನೋಡೂದು ತಪ್ತದ" ಅಂದಳು.

ಅವತ್ತು ಮಧ್ಯಾಹ್ನ ನಾನು ಅಂಟಿನ ಡಬ್ಬಿಗಳನ್ನು ನೋಡಲು ಹೋದೆ. ಕಬ್ಬಿಣಕ್ಕೆ ರಬ್ಬರ್ ಕೂಡಿಸುವ ಅಂಟು ಅದು, ತಣ್ಣನೆ ಕೋಣೆಯಲ್ಲಿಡಬೇಕು, ಅವಧಿ ಮುಗಿದ ಮೇಲೆ ಬಳಸಬಾರದು. ಹಳೆಯ ಅಂಟು ನೋಡಲು ಹೊಸದರಂತೆಯೇ ಇರುತ್ತದೆ, ಆದರೆ ಹಿಡಿತ ಇರುವುದಿಲ್ಲ. ಕೆಲಸದ ಲೈನಿನಲ್ಲಿ ಎರಡು ಡಬ್ಬಿ ತೆರೆದಿದ್ದವು. ಸ್ಟೋರಿನವರು ಅಂಟಿಸುವ ಅವಧಿಯ ಸ್ಟಿಕ್ಕರ್ ಥಂಡಿಗೆ ತೊಯ್ದು ಉದುರಿ, ಕೆಳಗಿದ್ದ ಅಂಟು ತಯಾರಕರ ಅಸಲಿ ಲೇಬಲ್ ಕಾಣುತ್ತಿತ್ತು. ಅದರ ಮೇಲಿನ ಅವಧಿ ಎಂದೋ ಮುಗಿದಿತ್ತು.

ನನ್ನ ಎದೆ ಡವಡವ ಅಂತು. ಸುಳ್ಳೇಕೆ ಹೇಳಲಿ, ಖುಷಿಗೆ. ಮೊದಲ ಆಡಿಟ್‌ಗೇ ಇಂಥದ್ದು ಸಿಕ್ಕಿತಲ್ಲ!

ಸ್ಟೋರಿನವಳನ್ನು ಕರೆದು ತೋರಿಸಿದೆ. ಅವಳ ಮುಖ ಇಳಿಯಿತು. ನಾನು ಒಂದು ಪ್ರಶ್ನೆ ಪೂರ್ತಿ ಕೇಳುವ ಮೊದಲೇ ಅಂದಳು: "ತಪ್ಪಾತ್ರಿ ಮೇಡಂ. ನಂದೇ ತಪ್ಪದ. ನಾ ನೋಡ್ಬೇಕಾಗಿತ್ತು. ಹಂಗೇ ಬರ್ಕೋರಿ."

ಇನ್ನೇನು ಬೇಕು? ಬರೆದುಕೊಂಡೆ. ಉಳಿದ ಡಬ್ಬಿಗಳ ಸ್ಟಿಕ್ಕರ್ ಮೇಲೆ ಏನಿದೆ, ಅದರ ಕೆಳಗೆ ಏನಿದೆ, ಒಂದನ್ನೂ ನೋಡಲಿಲ್ಲ. ತಪ್ಪು ಒಪ್ಪಿಕೊಂಡವರನ್ನು ಮತ್ತೆ ಮತ್ತೆ ಕೇಳುವುದು ಮರ್ಯಾದೆಯಲ್ಲ ಅಂತಲೂ ಅನಿಸಿತು. ಹೊರಡುವ ಮುಂಚೆ ಕಂಡದ್ದನ್ನು ಪ್ಲಾಂಟಿನ ಮುಖ್ಯಸ್ಥರಿಗೆ ತಿಳಿಸಿ ಬರುವುದು ನಮ್ಮ ಪದ್ಧತಿ. ವರದಿ ಪಕ್ಕಾ ಆಗುವುದು ಆಮೇಲೆ. ಆ ಮನುಷ್ಯ ಖಡಕ್ ಮರಾಠಿ ಆಸಾಮಿ, ಮಾತು ಕಡಿಮೆ. ಬರೆದದ್ದನ್ನು ಕಳಿಸಿ ಅಂದರು, ಕಳಿಸಿದೆ.

ಮರುದಿನ ನಾಸಿಕದಲ್ಲಿ ಐದೂ ಖಾನೆ ತುಂಬಿ ಸಾಹೇಬರ ಮುಂದಿಟ್ಟೆ. ಸ್ಥಿತಿ: ಅವಧಿ ಮುಗಿದ ಅಂಟು ಲೈನಿಗೆ ಹೋಗಿದೆ. ಮಾನದಂಡ: ತಯಾರಕರು ಹೇಳಿದ ಅವಧಿ ಮುಗಿದದ್ದನ್ನು ಕೊಡಬಾರದು, ತೆಗೆದು ಬೇರೆ ಇಟ್ಟು ಕ್ವಾಲಿಟಿಯವರಿಗೆ ತಿಳಿಸಬೇಕು ಅನ್ನುವ ನಮ್ಮದೇ ಸ್ಟೋರ್ ನಿಯಮ. ಕಾರಣ: ಸ್ಟೋರ್ ಉಸ್ತುವಾರಿಯ ನಿಷ್ಕಾಳಜಿ, ಅವರೇ ಒಪ್ಪಿಕೊಂಡಿದ್ದಾರೆ. ಪರಿಣಾಮ: ನಿಯಮದ ಉಲ್ಲಂಘನೆ ಆಗಿದೆ. ಶಿಫಾರಸು: ಸಂಬಂಧಪಟ್ಟವರಿಗೆ ತಾಕೀತು ಮಾಡಿ ಟ್ರೇನಿಂಗ್ ಕೊಡಬೇಕು.

ಸಾಹೇಬರು ಓದಿದರು, ಕಾಫಿ ಕುಡಿದರು, ಮತ್ತೆ ಓದಿದರು.

"ಎಂತ ಮಾರಾಯ್ರೆ ಇದು? ಐದು ಖಾನೆಯಲ್ಲಿ ಎರಡೇ ಉಂಟಲ್ಲ."

"ಐದೂ ತುಂಬೇನಲ್ರಿ ಸರ್?"

"ತುಂಬಿದ್ದೀರಿ ಹೌದು. ಪರಿಣಾಮದಲ್ಲಿ 'ನಿಯಮದ ಉಲ್ಲಂಘನೆ' ಅಂತ ಬರ್ದಿದ್ದೀರಿ. ಅದನ್ನು ಮೊದಲ ಎರಡು ಖಾನೆಯೇ ಹೇಳಿ ಆಯ್ತಲ್ಲ? ನಿಯಮ ಮುರಿದ್ರೆ ಯಾರಿಗೆ ಎಂತ ಆಗ್ತದೆ, ಅದು ಬೇಕು. ಇನ್ನು ಕಾರಣ. ಇದು ಕಾರಣ ಅಲ್ಲ."

"ಆಕಿನೇ ಒಪ್ಕೊಂಡಾಳ್ರಿ ಸರ್! ನನ್ನ ಮುಂದ! ತನ್ನ ಬಾಯಿಲೇ!"

"ಒಪ್ಪಿಕೊಂಡದ್ದು ಬೇರೆ, ಕಾರಣ ಬೇರೆ. ಒಂದು ಕೇಳ್ತೇನೆ. ಅವರನ್ನು ನಾಳೆ ಅಲ್ಲಿಂದ ತೆಗೆದು ಇನ್ನೊಬ್ಬರನ್ನು ಕೂರಿಸಿದ್ರೆ ಇದು ನಿಲ್ತದಾ? ನಿಲ್ತದೆ ಅಂತ ಧೈರ್ಯವಾಗಿ ಹೇಳ್ತೀರಾದ್ರೆ ಇರ್ಲಿ. ಗೊತ್ತಿಲ್ಲ ಅಂತಾದ್ರೆ ನೀವು ಕಾರಣ ಕಂಡೇ ಇಲ್ಲ. ಕಾರಣ ತಪ್ಪಿದ್ರೆ ಶಿಫಾರಸೂ ತಪ್ಪಿತು. ಶಿಫಾರಸು ಕಾರಣಕ್ಕೆ ತಾನೇ ಮದ್ದು?"

ನನಗೆ ತಲೆ ಕೆಟ್ಟು ಕೆರ ಹಿಡಿಯಿತು. ಕಳ್ಳನೇ ನಾನು ಕದ್ದೆ ಅಂದರೂ, ಇಲ್ಲಪ್ಪ ನೀನು ಕದ್ದಿಲ್ಲ ಅನ್ನುವ ಪೊಲೀಸರನ್ನು ಎಲ್ಲಾದರೂ ಕಂಡಿದ್ದೀರಾ? ಇದೇನು ಆಡಿಟ್ಟೋ ವೇದಾಂತವೋ ಅಂತ ಗೊಣಗುತ್ತಾ ನನ್ನ ಟೇಬಲ್ಲಿಗೆ ಬಂದೆ. ಹಾಗೆ ನೋಡಿದರೆ ಅವಳು ನೋಡಲಿಲ್ಲ ಅನ್ನುವುದು ನಿಜ. ನೋಡಬೇಕಾಗಿತ್ತು ಅನ್ನುವುದೂ ನಿಜ. ಎರಡು ನಿಜ ಕೂಡಿದರೂ ಕಾರಣ ಆಗುವುದಿಲ್ಲವೆಂದರೆ ಇನ್ನು ಕಾರಣ ಅಂದರೇನು? ಅವಳ ನಿಷ್ಕಾಳಜಿಯನ್ನು ಸ್ಥಿತಿಯ ಖಾನೆಗೆ ಎಳೆದು ನೋಡಿದೆ. ಅಲ್ಲಿಂದ ಮಾನದಂಡಕ್ಕೆ. ಎಲ್ಲಿಟ್ಟರೂ ಸೊಟ್ಟಗೆ ಕೂರುತ್ತಿತ್ತು.

ಅಷ್ಟರಲ್ಲಿ ಶೇಂದ್ರಾದಿಂದ ಮೇಲ್ ಬಂತು. ಆಡಿಟ್‌ನವರ ಟಿಪ್ಪಣಿಯ ಮೇರೆಗೆ ಸ್ಟೋರ್ ಉಸ್ತುವಾರಿಯನ್ನು ಪ್ಯಾಕಿಂಗ್‌ಗೆ ಹಾಕಲಾಗಿದೆ. ಅವರನ್ನು ಪರ್ಮನೆಂಟ್ ಮಾಡುವ ವಿಷಯ ಪಕ್ಕಾ ವರದಿ ಬಂದ ಮೇಲೆ. ವರದಿಯಲ್ಲೂ ನಿಷ್ಕಾಳಜಿ ಅಂತಲೇ ಇದ್ದರೆ ಕಾಂಟ್ರ್ಯಾಕ್ಟ್ ಮುಂದುವರಿಸುವುದಿಲ್ಲ.

ಎರಡು ಸಲ ಓದಿದೆ. ಅರ್ಧ ರೊಟ್ಟಿ ತಿಂದ ಮನೆ. ಸಾಹೇಬರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಇದಕ್ಕೇ ಹೇಳಿದ್ದು. ನೀವು ಅಲ್ಲಿ ಒಂದು ಶಬ್ದ ಇಟ್ರಿ, ಅವರು ಅದರ ಮೇಲೆ ಒಬ್ಬರನ್ನು ಕೂರಿಸಿದ್ರು. ತಿಂಗಳು ಮುಗಿಯುವ ಮೊದಲು ಮತ್ತೆ ಹೋಗಿ ಬನ್ನಿ."

"ಹೋಗಿ ಏನ್ ನೋಡ್ಲಿ ಸರ್?"

"ಅದು ನನಗೂ ಗೊತ್ತಿಲ್ಲ" ಅಂದರು. ಅಲ್ಲಿಗೆ ಮುಗಿಯಿತು.

ಮತ್ತೆ ಯೇವಲೆ, ಮತ್ತೆ ಚಹಾ, ಮತ್ತೆ ಸೊಂಟ. ದಾರಿಯುದ್ದಕ್ಕೂ ಒಂದೇ ಯೋಚನೆ. ಅವಳ ತಪ್ಪಿಲ್ಲ ಅಂತ ತೋರಿಸಲು ಹೊರಟಿದ್ದೇನೋ, ತಪ್ಪಿದೆ ಅಂತ ತೋರಿಸಲೋ? ಹಾಗೆ ಒಂದು ಕಡೆ ವಾಲಿಕೊಂಡು ಹೋಗುವುದೇ ಆಡಿಟರ್‌ಗೆ ಸಲ್ಲದು ಅನ್ನುತ್ತಾರೆ. ಆದರೆ ನಾನು ವಾಲಿದ್ದೆ. ಯಾವ ಕಡೆ ಅಂತ ಮಾತ್ರ ತಿಳಿಯುತ್ತಿರಲಿಲ್ಲ.

ಅವಳು ಪ್ಯಾಕಿಂಗ್ ಹಾಲಿನಲ್ಲಿ ರಟ್ಟಿನ ಪೆಟ್ಟಿಗೆಗೆ ಟೇಪ್ ಸುತ್ತುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಸಿಟ್ಟಾದರೂ ಮಾಡಿದ್ದರೆ ನನಗೆ ಹಗುರ ಆಗುತ್ತಿತ್ತು. "ಊಟ ಆತೇನ್ರಿ ಮೇಡಂ?" ಅಂತ ಕೇಳಿದಳು.

"ಅವತ್ತು ಯಾಕ ಅಷ್ಟು ಲಗೂನ ತಪ್ಪಾತು ಅಂದ್ರಿ?" ನಾನು ನೇರ ಕೇಳಿದೆ.

ಅವಳು ಅತ್ತಿತ್ತ ನೋಡಿದಳು. "ಮೊದ್ಲು ನಾ ಬ್ಯಾರೆ ಫ್ಯಾಕ್ಟರ್‍ಯಾಗ ಇದ್ದೆನ್ರಿ. ಅಲ್ಲಿ ಸೂಪರ್ವೈಜರ್ ಕಲಿಸಿದ್ರು. ಆಡಿಟ್‌ನವ್ರು ಬಂದ್ರ ಹೂಂ ಅನ್ರಿ, ತಪ್ಪಾತು ಅನ್ರಿ, ವಾದ ಮಾಡ್ಬ್ಯಾಡ್ರಿ. ವಾದ ಮಾಡಿದ್ರ ಒಂದಕ್ಕ ಹತ್ತು ಕೇಳ್ತಾರ. ಒಪ್ಕೊಂಡ್ರ ಅಲ್ಲೀಗೇ ಮುಗೀತದ. ಇಲ್ಲೂ ಎಲ್ಲಾರೂ ಹಂಗೇ ಮಾಡ್ತಾರ‍್ರಿ."

"ಅಂದ್ರ ನಿಮ್ಮ ತಪ್ಪಿರಲಿಲ್ಲೇನು?"

"ನನಗೇನ್ ಗೊತ್ರಿ? ನೀವು ಡಬ್ಬಿ ತೋರ್ಸಿದ್ರಿ, ಡಬ್ಬಿ ಹಳೇದಿತ್ತು. ಸ್ಟೋರು ನಂದು. ಮತ್ಯಾರದು ಅನ್ಲಿ?"

ಹಣೆ ಹಣೆ ಚಚ್ಚಿಕೊಳ್ಳುವಂತಾಯಿತು. ಅವಳು ನನ್ನ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲು ಒಪ್ಪಿಕೊಂಡಳು, ಅವಳು ಒಪ್ಪಿಕೊಂಡಳು ಅಂತ ನಾನು ಪ್ರಶ್ನೆ ಬಿಟ್ಟೆ. ಇಬ್ಬರಿಗೂ ಆರಾಮಾಯಿತು. ಅಂಟು ಮಾತ್ರ ಹಳೆಯದಾಗಿಯೇ ಉಳಿಯಿತು.

ಸ್ಟೋರಿಗೆ ಹೋದೆ. ಅವಳ ಜಾಗಕ್ಕೆ ಡಿಸ್ಪ್ಯಾಚ್‌ನಿಂದ ಒಬ್ಬ ಹಿರಿಯರನ್ನು ತಂದು ಕೂರಿಸಿದ್ದರು. ಬಹಳ ಶಿಸ್ತಿನ ಮನುಷ್ಯ ಅಂತ ಇಡೀ ಪ್ಲಾಂಟಿಗೆ ಹೆಸರು. ಪೆನ್ನನ್ನೂ ಒಂದೇ ದಿಕ್ಕಿಗೆ ಇಡುವವರು. ಒಂದು ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಲೈನಿನಿಂದ ಅಂಟು ಬೇಕು ಅಂತ ಬಂದರು. ಇವರು ಕಂಪ್ಯೂಟರ್ ನೋಡಿದರು. ಯಾವ ಸಾಲಿನ ಡಬ್ಬಿ ಮೊದಲು ಕೊಡಬೇಕು ಅಂತ ಅದು ಹೇಳಿತು. ತಣ್ಣನೆ ಕೋಣೆಗೆ ಹೋಗಿ ಡಬ್ಬಿ ತಂದರು. ಸ್ಟಿಕ್ಕರ್ ಮೇಲಿನ ಅವಧಿಯ ತಾರೀಖನ್ನು ಬೆರಳಿಟ್ಟು ಗಟ್ಟಿಯಾಗಿ ಓದಿದರು, ಇನ್ನೂ ಸಾಕಷ್ಟು ದಿನ ಇದೆ ಅಂದರು, ಕೊಟ್ಟರು. ಎಳ್ಳಷ್ಟೂ ತಪ್ಪಿಲ್ಲದ ಕೆಲಸ.

"ಒಂದ್ ನಿಮಿಷ" ಅಂತ ಡಬ್ಬಿ ಇಸಕೊಂಡೆ. ಉಗುರಿನಿಂದ ಸ್ಟಿಕ್ಕರ್ ಎಬ್ಬಿಸಿದೆ. ಕೆಳಗೆ ತಯಾರಕರ ಲೇಬಲ್. ಅವಧಿ ಮುಗಿದಿತ್ತು.

ಹಿರಿಯರು ನನ್ನನ್ನು ನೋಡಿದರು, ನಾನು ಹಿರಿಯರನ್ನು ನೋಡಿದೆ. ಅವರು ಬಾಯಿ ತೆರೆದು "ಚುಕಲಂ ಮ್ಯಾಡಮ್", ತಪ್ಪಾಯಿತು, ಅನ್ನಲು ಹೊರಟರು. ನಾನು ಎರಡೂ ಕೈ ಜೋಡಿಸಿಬಿಟ್ಟೆ. "ದೇವರಾಣಿ, ಆ ಒಂದ್ ಮಾತು ಮಾತ್ರ ಆಡಬ್ಯಾಡ್ರಿ!" ಅಂತ ಗಾಬರಿಗೆ ಕನ್ನಡದಲ್ಲೇ ಅಂದೆ. ಅವರಿಗೆ ಏನೂ ತಿಳಿಯಲಿಲ್ಲ, ಸುಮ್ಮನಾದರು.

ಸಾಹೇಬರು ಕೇಳಿದ್ದ ಪ್ರಶ್ನೆಗೆ ಉತ್ತರ ಅಲ್ಲೇ ಟೇಬಲ್ ಮೇಲಿತ್ತು. ಮನುಷ್ಯ ಬದಲಾದರೂ ಡಬ್ಬಿ ನಿಲ್ಲಲಿಲ್ಲ.

ಆಮೇಲೆ ಇಡೀ ದಿನ ತಣ್ಣನೆ ಕೋಣೆಯಲ್ಲಿ ಮೂಗು ಸೋರಿಸುತ್ತಾ ಸ್ಟಿಕ್ಕರ್ ಎಬ್ಬಿಸಿ ಎಬ್ಬಿಸಿ ನೋಡಿದೆ. ವಿಚಿತ್ರವೆಂದರೆ, ಕೆಲವು ಡಬ್ಬಿಗಳಲ್ಲಿ ಮೇಲಿನ ತಾರೀಖೂ ಕೆಳಗಿನ ತಾರೀಖೂ ಒಂದೇ. ಕೆಲವುಗಳಲ್ಲಿ ಮಾತ್ರ ಎತ್ತಣಿಂದೆತ್ತ. ತಾಳೆ ಆಗದವೆಲ್ಲ ಎಲ್ಲಿಂದ ಬಂದವು ಅಂತ ಹುಡುಕಿದರೆ, ಒಂದೂ ಬಿಡದೆ ನಾಸಿಕದಿಂದ ಬಂದವು.

ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೂ ಒಮ್ಮೆಗೇ ತಿಳಿಯಲಿಲ್ಲ. ಅಂಟು ನೇರ ತಯಾರಕರಿಂದ ಬಂದರೆ ಜೊತೆಗೆ ಟೆಸ್ಟ್ ಸರ್ಟಿಫಿಕೇಟ್ ಬರುತ್ತದೆ. ಅದನ್ನು ನೋಡಿ ತಯಾರಾದ ತಾರೀಖನ್ನು ಕಂಪ್ಯೂಟರಿಗೆ ತುಂಬುತ್ತಾರೆ. ಸ್ಟಿಕ್ಕರ್ ಸರಿ ಬರುತ್ತದೆ. ಆದರೆ ನಮ್ಮದೇ ನಾಸಿಕ ಪ್ಲಾಂಟಿನಿಂದ ಶೇಂದ್ರಾಕ್ಕೆ ಕಳಿಸಿದ ಡಬ್ಬಿಯ ಹಳೆಯ ತಾರೀಖು ಕಂಪ್ಯೂಟರಿನಲ್ಲಿ ಅದರ ಜೊತೆ ಬರುತ್ತಿರಲಿಲ್ಲ. ಶೇಂದ್ರಾಕ್ಕೆ ಬಂದು ಇಳಿದ ದಿನವೇ ಅದರ ಹುಟ್ಟಿದ ದಿನ ಅಂತ ಲೆಕ್ಕ ಹಿಡಿದು, ಕಂಪ್ಯೂಟರ್ ಅಲ್ಲಿಂದ ಹೊಸ ಅವಧಿ ಎಣಿಸಿ ಸ್ಟಿಕ್ಕರ್ ಕೊಡುತ್ತಿತ್ತು. ಹಳೆಯದನ್ನು ಮೊದಲು ಕೊಡು ಅನ್ನುವುದು ಸ್ಟೋರಿನ ಕಟ್ಟಳೆ. ಈ ಮುದುಕ ಡಬ್ಬಿಗಳು ಎಳೆಯವರಂತೆ ಹಿಂದಿನ ಸಾಲಿನಲ್ಲಿ ಕೂತು, ಸರದಿ ಬರುವ ಹೊತ್ತಿಗೆ ಪೂರ್ತಿ ಕೆಟ್ಟಿರುತ್ತಿದ್ದವು. ಸಾಲದ್ದಕ್ಕೆ ಸ್ಟಿಕ್ಕರನ್ನು ಡಬ್ಬಿಯ ಮುಂಭಾಗದಲ್ಲೇ ಅಂಟಿಸಬೇಕು ಅಂತ ಆದೇಶ. ಮುಂಭಾಗದಲ್ಲಿ ಇರುವುದು ತಯಾರಕರ ಲೇಬಲ್. ಅದು ಮುಚ್ಚಿಹೋಗುತ್ತಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಬರೆ ಎಳೆದದ್ದು ನಾನೇ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ನಾಸಿಕದಿಂದ ಇಷ್ಟು ಅಂಟು ಯಾಕೆ ಬರುತ್ತಿದೆ ಅಂತ ಕೇಳಿದೆ. ಪ್ಲಾಂಟಿನವರು ಕೊಟ್ಟ ಉತ್ತರ ಕೇಳಿ ತಣ್ಣನೆ ಕೋಣೆಯಲ್ಲೂ ಬೆವರಿದೆ. ನಾನು ಆಡಿಟ್‌ಗೆ ಬರುವ ಮುಂಚೆ, ನಾಸಿಕದಲ್ಲಿ ಅಂಟು ಬೇಕಾದ್ದಕ್ಕಿಂತ ಹೆಚ್ಚು ಕೂಡಿಬಿದ್ದಿದೆ, ಅದನ್ನು ಶೇಂದ್ರಾಕ್ಕೆ ಕಳಿಸಬೇಕು ಅಂತ ಒಂದು ಶಿಫಾರಸು ಬಂದಿತ್ತು. ಇಂಟರ್ನಲ್ ಆಡಿಟ್ ಶಿಫಾರಸು. ಬರೆದವರು ನಮ್ಮ ಸಾಹೇಬರು.

ಫೋನ್ ಮಾಡಿದೆ. ಅವರು ಪೂರ್ತಿ ಕೇಳಿದರು.

"ಕಾರಣ ಹುಡುಕಿ ಅಂದೆ ಮಾರಾಯ್ರೆ" ಅಂದರು. "ನನ್ನನ್ನು ಹುಡುಕಿ ಅಂದಿರ್ಲಿಲ್ಲ."

ನಗಬೇಕೋ ಬೇಡವೋ ತಿಳಿಯಲಿಲ್ಲ. "ಏನ್ ಮಾಡ್ಲಿ ಸರ್? ಅದನ್ನ ಬಿಟ್ ಬರೀಲೇನು?"

"ಬಿಟ್ರೆ ಹೇಗೆ? ಬರೀರಿ. ನನ್ನ ಹೆಸರು ಬೇಡ, ಸ್ಟೋರಿನವರ ಹೆಸರೂ ಬೇಡ. ನಡೆದದ್ದು ಬರೀರಿ" ಅಂದರು. ಆಮೇಲೆ, "ನನ್ನದೇ ಹಳೆಯ ಶಿಫಾರಸು ಇದರಲ್ಲಿ ಉಂಟು ಅಂತ ನಾನು ಮೇಲಿನ ಆಡಿಟ್ ಸಮಿತಿಗೆ ಮೊದಲೇ ತಿಳಿಸ್ತೇನೆ. ಮುಚ್ಚಿಟ್ಟು ಸಹಿ ಹಾಕಿದ್ರೆ ಸರಿಯಾಗುದಿಲ್ಲ" ಅಂದರು. ಧ್ವನಿ ಸ್ವಲ್ಪ ಸಣ್ಣದಾಗಿತ್ತು. ಅವರ ಮೇಲೆ ಮೊದಲ ಸಲ ಪ್ರೀತಿ ಹುಟ್ಟಿತು.

ಸಂಭಾಜಿನಗರದ ಲಾಡ್ಜಿನಲ್ಲಿ ಕೂತು ಮತ್ತೆ ಐದು ಖಾನೆ ಎಳೆದೆ. ಸ್ಥಿತಿಗೆ, ನೋಡಿದ ಡಬ್ಬಿಗಳಲ್ಲಿ ನಾಸಿಕದಿಂದ ಬಂದವುಗಳ ಸ್ಟಿಕ್ಕರಿಗೂ ಲೇಬಲ್ಲಿಗೂ ತಾಳೆ ಇಲ್ಲ, ಅವಧಿ ಮುಗಿದದ್ದು ಲೈನಿಗೆ ಹೋಗಿದೆ ಅಂತ ಬರೆದೆ. ಮಾನದಂಡ ಮೊದಲಿನದೇ. ಪರಿಣಾಮಕ್ಕಾಗಿ ಕ್ವಾಲಿಟಿ ಲ್ಯಾಬಿಗೆ ಹೋಗಿ ಕೇಳಿದ್ದೆ. ಎಳೆದು ನೋಡುವ ಪರೀಕ್ಷೆಯಲ್ಲಿ ರಬ್ಬರ್ ಕಿತ್ತು ಬಂದ ತುಂಡುಗಳನ್ನು ತೋರಿಸಿದ್ದರು. ಯಾಕೆ ಕಿತ್ತು ಬರುತ್ತಿವೆ ಅಂತ ಅವರೂ ತಲೆ ಕೆರೆದುಕೊಳ್ಳುತ್ತಿದ್ದರು. ಇಂಥದ್ದು ಕಣ್ತಪ್ಪಿ ಗಾಡಿಗೆ ಕೂತರೆ ಓಡುವ ಎಂಜಿನ್ ಸಡಿಲಾಗಬಹುದು ಅಂತ ಬರೆದೆ. ಮೊದಲ ಸಲ ಇದೇ ಜಾಗದಲ್ಲಿ 'ನಿಯಮದ ಉಲ್ಲಂಘನೆ' ಅಂತ ಬರೆದು ಚಹಾ ಕುಡಿಯಲು ಎದ್ದುಹೋಗಿದ್ದೆನಲ್ಲ, ಹೆಂಗೆ ಬಂತೋ ಮನಸ್ಸು!

ಕಾರಣದ ಖಾನೆಗೆ: ಪ್ಲಾಂಟಿನಿಂದ ಪ್ಲಾಂಟಿಗೆ ಮಾಲು ಹೋಗುವಾಗ ತಯಾರಾದ ತಾರೀಖು ಕಂಪ್ಯೂಟರಿನಲ್ಲಿ ಮುಂದೆ ಸಾಗುವುದಿಲ್ಲ, ಹಿಂದಿನ ಆಡಿಟ್ ಶಿಫಾರಸಿನಂತೆ ಕಳಿಸುವುದು ಶುರುವಾದಾಗ ಇದನ್ನು ಯಾರೂ ಪರೀಕ್ಷಿಸಲಿಲ್ಲ, ಸ್ಟಿಕ್ಕರ್ ಅಂಟಿಸುವ ಆದೇಶದಿಂದ ಅಸಲಿ ಲೇಬಲ್ ಮುಚ್ಚುತ್ತದೆ. ಶಿಫಾರಸಿಗೆ: ತಯಾರಾದ ತಾರೀಖು ತುಂಬದೆ ಮಾಲು ಒಳಗೆ ಬರಕೂಡದು ಅಂತ ಕಂಪ್ಯೂಟರಿನಲ್ಲೇ ತಡೆ ಹಾಕಬೇಕು, ಸ್ಟಿಕ್ಕರ್ ಹಿಂಬದಿಗೆ ಹೋಗಬೇಕು, ನಾಸಿಕದಿಂದ ಬಂದದ್ದನ್ನೆಲ್ಲ ಈಗಲೇ ತೆಗೆದು ಬೇರೆ ಇಟ್ಟು ತಪಾಸಣೆ ಮಾಡಬೇಕು, ಅದರಿಂದ ತಯಾರಾದ ಮಾಲನ್ನೂ ನೋಡಬೇಕು. ಯಾವ ಕೆಲಸ ಯಾರದು, ಯಾವಾಗಿನೊಳಗೆ, ಅದನ್ನು ಪ್ಲಾಂಟಿನವರ ಜೊತೆ ಕೂತು ಬರೆಯಬೇಕು.

ಕೊನೆಯ ಮೀಟಿಂಗಿಗೆ ಸಾಹೇಬರೇ ನಾಸಿಕದಿಂದ ಬಂದರು. ಪ್ಲಾಂಟಿನ ಮುಖ್ಯಸ್ಥರು ಎರಡು ಸಲ ಓದಿದರು. ಆಮೇಲೆ ಕಾಗದದ ಮೇಲೆ ಬೆರಳು ಕುಟ್ಟಿ, "ಮಗ ಚೂಕ್ ಕೋಣಾಚೀ?" ಅಂದರು. ಹಾಗಾದರೆ ತಪ್ಪು ಯಾರದು?

ನಾನು ಕಾರಣದ ಖಾನೆ ಇದ್ದ ಹಾಳೆಯನ್ನು ಮತ್ತೆ ಅವರ ಮುಂದೆ ಸರಿಸಿದೆ.

ಸಾಹೇಬರು ಮರಾಠಿಯಲ್ಲೇ ಅಂದರು, "ಹೆಸರು ಬೇಕೇ ಬೇಕು ಅಂದರೆ ನನ್ನದು ಬರೆದುಕೊಳ್ಳಿ. ಆದರೆ ನನ್ನನ್ನು ನೀವು ಪ್ಯಾಕಿಂಗ್‌ಗೆ ಹಾಕಿದರೂ ನಾಳೆ ಬೆಳಿಗ್ಗೆ ಆ ಡಬ್ಬಿ ಲೈನಿಗೆ ಹೋಗುತ್ತದೆ."

ಮುಖ್ಯಸ್ಥರು ನಗಲಿಲ್ಲ. ಅವರಿಗೂ ನನ್ನ ಹಾಗೆಯೇ ಗೊಂದಲವಾಗಿತ್ತು ಅನಿಸುತ್ತದೆ. ಯಾರ ತಪ್ಪೂ ಅಲ್ಲದ ತಪ್ಪನ್ನು ಹಿಡಿಯುವುದಾದರೂ ಎಲ್ಲಿಂದ? ಕೊನೆಗೆ ಸಿಬ್ಬಂದಿ ವಿಭಾಗದವರನ್ನು ಕರೆಸಿ, ಅವಳನ್ನು ಸ್ಟೋರಿಗೆ ವಾಪಸ್ ಕಳಿಸಿ, ಪಟ್ಟಿಯಲ್ಲಿ ಹೆಸರು ಹಾಗೇ ಇರಲಿ ಅಂದರು. ತಿಂಗಳ ಕೊನೆಗೆ ಅವಳು ಪರ್ಮನೆಂಟ್ ಆದಳು.

ಹೇಳಿದ್ದನ್ನು ಮಾಡಿದ್ದಾರೋ ಇಲ್ಲವೋ ನೋಡುವುದೂ ನಮ್ಮ ಕೆಲಸ. ಅದಕ್ಕಾಗಿ ಕೆಲವು ತಿಂಗಳು ಬಿಟ್ಟು ಮತ್ತೆ ಶೇಂದ್ರಾಕ್ಕೆ ಹೋದೆ. ಅವಳು ಸ್ಟೋರಿನಲ್ಲಿದ್ದಳು. ಸ್ಟಿಕ್ಕರುಗಳು ಡಬ್ಬಿಯ ಬೆನ್ನಿಗೆ ಹೋಗಿದ್ದವು. ತಾರೀಖು ತುಂಬದಿದ್ದರೆ ಕಂಪ್ಯೂಟರ್ ಮುಂದೆ ಹೋಗುತ್ತಿರಲಿಲ್ಲ. ಈ ಸಲ ರೊಟ್ಟಿ ಪೂರ್ತಿ ಕೊಟ್ಟಳು. ಈಗ ಮೇಡಂ ಹೋಗಿ ಅಕ್ಕಾರ ಆಗಿದ್ದೆ. ಥ್ಯಾಂಕ್ಸ್ ಅನ್ನುತ್ತಾಳೇನೋ ಅಂತ ಒಳಗೊಳಗೇ ಕಾಯುತ್ತಿದ್ದೆ, ಯಾಕೆ ಸುಳ್ಳು ಹೇಳಲಿ.

"ಅಕ್ಕಾರ, ಒಂದ್ ಕೇಳ್ಲ್ಯಾ?"

"ಕೇಳ್ರಿ."

"ಆ ನಿಮ್ಮ ಕಾಗದಾ ನನಗೂ ತೋರ್ಸಿದ್ರು. ಎಲ್ಲಾ ಓದ್ದೆ. ಐದೂ ಖಾನಿ ಓದ್ದೆ. ಡಬ್ಬಿ ಅದ, ಸ್ಟಿಕ್ಕರ್ ಅದ, ನಾಸಿಕ್ ಅದ. ನಾ ನಿಮ್ ಮುಂದ ನಿಂತು ತಪ್ಪಾತ್ರಿ ಅಂದಿದ್ದೆನಲ್ಲ, ಅದನ್ನ ಎಲ್ಲಿ ಇಟ್ರಿ?"

"ಅದು... ಅದು ಯಾವ ಖಾನೆಗೂ ಬರೂದಿಲ್ಲ" ಅಂದೆ. "ಅದು ಸ್ಥಿತೀನೂ ಅಲ್ಲ, ಕಾರಣಾನೂ ಅಲ್ಲ. ಅದಕ್ಕ ತಗದ್ವಿ."

ಅವಳು ರೊಟ್ಟಿ ಮುರಿಯುತ್ತಾ ತಲೆಯಾಡಿಸಿದಳು. ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವ ಮುಖ ಅದು.

"ಹಂಗಾದ್ರ ಅವತ್ತು ಅದೊಂದೇ ಮಾತು ಯಾಕ ಬರ್ಕೊಂಡ್ರಿ?"

ಕೈಯಲ್ಲಿದ್ದ ತುತ್ತು ಕೆಳಗಿಟ್ಟು ನೀರಿಗೆ ತಡಕಾಡಿದೆ. ಅವಳೇ ನೀರು ಮುಂದಿಟ್ಟಳು.